ಲಗೋರಿ ಚೆಂಡು, 26 ಹಾಳೆ: ಮೊಮ್ಮಗನ ಜೊತೆ ಫ್ಲಿಪ್‌ಬುಕ್

ಭಾನುವಾರ

ರಜೆಗೆ ಬಂದಿರುವ ಮೊಮ್ಮಗನಿಗೆ ಫ್ಲಿಪ್‌ಬುಕ್ ಮಾಡಬೇಕಂತೆ, ಹಾಳೆಗಳನ್ನು ಹೆಬ್ಬೆರಳಿನಿಂದ ಪಟಪಟ ಬಿಟ್ಟರೆ ಚಿತ್ರ ಚಲಿಸಿದಂತೆ ಕಾಣುವ ಪುಟ್ಟ ಪುಸ್ತಕ. ಒಂಬತ್ತು ವರ್ಷದ ಹುಡುಗ. "ತಾತ, ನೀವು ಆರ್ಟಿಸ್ಟ್ ಅಲ್ವಾ, ನಿಮಗೆ ಗೊತ್ತಿರುತ್ತೆ" ಅಂದ. ನಾನು ಬರೆದದ್ದೆಲ್ಲ ಸಿನಿಮಾ ಬ್ಯಾನರ್. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ನಿಂತಿರುತ್ತಿದ್ದ ಆಳೆತ್ತರದ ಮುಖಗಳು. ಸಣ್ಣ ಫೋಟೋ ಮೇಲೆ ಚೌಕ ಎಳೆದು, ಅಷ್ಟೇ ಚೌಕ ಬಟ್ಟೆಯ ಮೇಲೆ ಎಳೆದು, ಒಂದೊಂದಾಗಿ ತುಂಬುತ್ತಾ ಹೋಗುವ ಕೆಲಸ ಅದು. ಅಲ್ಲಿ ಏನೂ ಅಲುಗಾಡುವಂತಿಲ್ಲ. ಆದರೂ ಕಾರ್ಟೂನ್ ಮಾಡುತ್ತಿದ್ದ ಗೆಳೆಯರ ಪಕ್ಕ ಕೂತು ಒಂದಷ್ಟು ಕಲಿತಿದ್ದೆ. ಆಗಲಿ ಅಂದೆ.

ಏನು ಚಿತ್ರ ಬರೆಯೋದು? ಅವನು ಮೊದಲು ಹೇಳಿದ್ದು ಡ್ರ್ಯಾಗನ್. ಆಮೇಲೆ ಕುದುರೆ. ಕೊನೆಗೆ ಲಗೋರಿ ಚೆಂಡಿಗೆ ಒಪ್ಪಿಸಿದೆ. ಒಂದು ಚೆಂಡು ಬೀಳುತ್ತೆ, ಪುಟಿಯುತ್ತೆ, ಪುಟಿಯುತ್ತಾ ಹೋಗಿ ಕಲ್ಲಿನ ಗುಡ್ಡೆಗೆ ತಾಗುತ್ತೆ. ಅಷ್ಟೇ. ಕುದುರೆಯಲ್ಲಿ ಕಾಲು ನಾಲ್ಕು, ಎಲ್ಲವೂ ಬೇರೆ ಬೇರೆ ಹೊತ್ತಿಗೆ ಏಳುತ್ತವೆ. ಚೆಂಡಿನಲ್ಲಿ ಇರೋದು ಒಂದೇ ವಿಷಯ, ಅದು ಎಲ್ಲಿದೆ ಅನ್ನೋದು.

ಸೋಮವಾರ, ಹಾಳೆ

ಮನೆಯಲ್ಲಿದ್ದ ಜೆರಾಕ್ಸ್ ಹಾಳೆ ಹಿಡಿದು ನೋಡಿದೆವು. ತೀರಾ ಮೆತ್ತಗೆ. ಹೆಬ್ಬೆರಳಿನಿಂದ ಬಿಟ್ಟರೆ ಪಟಪಟ ಬೀಳುವುದಿಲ್ಲ, ಎರಡು ಮೂರು ಒಟ್ಟಿಗೆ ಜಾರುತ್ತವೆ. ಡ್ರಾಯಿಂಗ್ ಶೀಟು ಇನ್ನೊಂದು ತುದಿ. ಗಟ್ಟಿಯಾಗಿ ಬೀಳುತ್ತೆ, ಆದರೆ ಕೆಳಗಿನ ಚಿತ್ರ ಅದರಲ್ಲಿ ಕಾಣುವುದೇ ಇಲ್ಲ. ಸುಲ್ತಾನ್‌ಪೇಟೆಗೆ ಹೋಗಿ 100 ಜಿಎಸ್‌ಎಂ ಬಾಂಡ್ ಪೇಪರ್ ತಂದೆವು. ನಡುವಿನದು. ದೀಪಕ್ಕೆ ಹಿಡಿದರೆ ಕೆಳಗಿನ ಗೆರೆ ಕಾಣುತ್ತೆ, ಬಿಟ್ಟರೆ ಸರಿಯಾಗಿ ಬೀಳುತ್ತೆ.

ಒಂದು ಎ4 ಹಾಳೆಯಲ್ಲಿ 12 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರದ ಆರು ತುಂಡು ಬರುತ್ತವೆ. ಎಡಗಡೆ ಎರಡೂವರೆ ಸೆಂಟಿಮೀಟರ್ ಏನೂ ಬರೆಯಬಾರದು ಅಂತ ಪೆನ್ಸಿಲ್ ಗೆರೆ ಹಾಕಿಸಿದೆ. ಆ ಭಾಗ ಹಿಡಿಯೋದಕ್ಕೆ, ಪಿನ್ ಹೊಡೆಯೋದಕ್ಕೆ. ಅಲ್ಲಿ ಏನು ಬರೆದರೂ ಕಾಣಲ್ಲ.

ಅದೇ ಸಂಜೆ

ಹೇಳಿಕೊಡುವ ಮೊದಲು ಅವನು ತನಗೆ ತೋಚಿದ ಹಾಗೆ ಮಾಡಲಿ ಅಂತ ಬಿಟ್ಟೆ. ಚೆಂಡು 5 ಸೆಂಟಿಮೀಟರ್ ಬೀಳಬೇಕು. ಸ್ಕೇಲ್ ಇಟ್ಟು ಹತ್ತು ಹಾಳೆಗೆ ಹಂಚಿದ, ಹಾಳೆಗೆ 5 ಮಿಲಿಮೀಟರ್. ಶಿಸ್ತಿನ ಕೆಲಸ. ಬೈಂಡರ್ ಕ್ಲಿಪ್ ಹಾಕಿ ಬಿಟ್ಟು ನೋಡಿದ. ಮುಖ ಸಪ್ಪಗಾಯಿತು.

"ಇದು ಬೀಳ್ತಿಲ್ಲ ತಾತ. ಲಿಫ್ಟಲ್ಲಿ ಇಳೀತಿದೆ."

ಸರಿಯಾಗಿಯೇ ಹೇಳಿದ. ಬೀಳುವ ವಸ್ತು ಒಂದೇ ವೇಗದಲ್ಲಿ ಬೀಳುವುದಿಲ್ಲ. ಕ್ಷಣ ಕ್ಷಣಕ್ಕೂ ವೇಗ ಜಾಸ್ತಿಯಾಗುತ್ತೆ. ಹಾಳೆಗಳ ನಡುವಿನ ಹೊತ್ತು ಒಂದೇ ಆದ್ದರಿಂದ, ವೇಗ ಜಾಸ್ತಿ ಅಂದರೆ ಒಂದು ಹಾಳೆಯಿಂದ ಇನ್ನೊಂದಕ್ಕೆ ದೂರ ಜಾಸ್ತಿ. ಫ್ಲಿಪ್‌ಬುಕ್ಕಿನಲ್ಲಿ ವೇಗ ಬರೆಯೋಕೆ ಬೇರೆ ದಾರಿಯೇ ಇಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೀಯ ಅನ್ನೋದಕ್ಕಿಂತ ಎಷ್ಟು ದೂರ ಸರಿಸಿದ್ದೀಯ ಅನ್ನೋದೇ ಇಲ್ಲಿ ಮುಖ್ಯ. ಜೀವನವಿಡೀ ಮೂಗು, ಕಣ್ಣು ತಿದ್ದಿದ ನನಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಮಂಗಳವಾರ, ಲೆಕ್ಕ

ಎಷ್ಟೆಷ್ಟು ಜಾಸ್ತಿ ಮಾಡಬೇಕು ಅನ್ನೋದಕ್ಕೆ ನನ್ನ ಮಗಳ ಸಹಾಯ ಬೇಕಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಗೆಲಿಲಿಯೋ ಕಾಲದ ಲೆಕ್ಕ ಅಪ್ಪ, ಬೆಸ ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು ಅಂದಳು. ಸಮ ಹೊತ್ತಿನಲ್ಲಿ ಬೀಳುವ ವಸ್ತು ಮೊದಲು 1 ಪಾಲು ಇಳಿದರೆ, ಆಮೇಲೆ 3, 5, 7, 9 ಹೀಗೆ ಇಳಿಯುತ್ತೆ. ಐದು ಹೆಜ್ಜೆಗೆ ಒಟ್ಟು 25 ಪಾಲು. ನಮ್ಮದು 50 ಮಿಲಿಮೀಟರ್. ಹಾಗಾದರೆ ಪಾಲಿಗೆ 2 ಮಿಲಿಮೀಟರ್. ಚೆಂಡು ಇಳಿಯಬೇಕಾದದ್ದು 2, 6, 10, 14, 18.

"ಐದೇ ಹಾಳೆನಾ? ನಾನು ಹತ್ತು ಮಾಡಿದ್ದೆ!" ಅಂತ ಹುಡುಗ ಜಗಳ ತೆಗೆದ.

ಸೆಕೆಂಡಿಗೆ ಸುಮಾರು 12 ಹಾಳೆ ಬೀಳುತ್ತವೆ ಅಂತ ಇಟ್ಟುಕೊಂಡರೆ, ಐದು ಹೆಜ್ಜೆ ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟು ಹೊತ್ತಿನಲ್ಲಿ ನಿಜವಾದ ಚೆಂಡು 85 ಸೆಂಟಿಮೀಟರ್ ಬೀಳುತ್ತೆ, ಅವನ ಎದೆಯ ಹತ್ತಿರದಿಂದ ನೆಲಕ್ಕೆ. ಟೆನಿಸ್ ಬಾಲ್ ಕೊಟ್ಟು ಬೀಳಿಸಿ ನೋಡು ಅಂದೆ. ನಾಲ್ಕೈದು ಸಲ ಬೀಳಿಸಿದ. ಕೊನೆಗೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಆದರೆ ಒಪ್ಪಿಕೊಂಡ.

ಪುಟಿದು ಏಳುವಾಗ ಅದೇ ಲೆಕ್ಕ ತಿರುಗುಮುರುಗು. ನೆಲ ಬಿಟ್ಟಾಗ ದೊಡ್ಡ ಹೆಜ್ಜೆ, ಮೇಲೆ ಹೋಗುತ್ತಾ ಸಣ್ಣದು: 14, 10, 6, 2. ಅಂದರೆ ನಾಲ್ಕೇ ಹೆಜ್ಜೆ, 32 ಮಿಲಿಮೀಟರ್. ಮತ್ತೆ ನಾಲ್ಕು ಹೆಜ್ಜೆ ಕೆಳಗೆ. ಮುಂದಿನ ಸಲ ಮೂರು, ಆಮೇಲೆ ಎರಡು, ಆಮೇಲೆ ಒಂದು. ಪ್ರತಿ ಪುಟಿತಕ್ಕೂ ಒಂದು ಹಾಳೆ ಕಡಿಮೆ. ನಿಜವಾದ ಚೆಂಡು ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳಲ್ಲ, ಆದರೆ ಎರಡು ಸೆಕೆಂಡಿನಲ್ಲಿ ಕಣ್ಣು ಅದನ್ನು ಹಿಡಿಯಲಾರದು. ಎಲ್ಲ ಕೂಡಿಸಿದರೆ ಮೊದಲ ಚಿತ್ರವೂ ಸೇರಿ 26 ಹಾಳೆ.

ಇನ್ನು ಅಡ್ಡಕ್ಕೆ ಹೋಗುವ ಚಲನೆ. ಅವನು ಅಲ್ಲೂ 1, 3, 5 ಹಾಕಲು ಹೊರಟ. ಬೇಡ. ಭೂಮಿ ಎಳೆಯೋದು ಕೆಳಕ್ಕೆ, ಅಡ್ಡಕ್ಕಲ್ಲ. ಹಾಗಾಗಿ ಅಡ್ಡಕ್ಕೆ ಪ್ರತಿ ಹಾಳೆಗೂ ಒಂದೇ ಸಮ, 3 ಮಿಲಿಮೀಟರ್. ನಿನ್ನೆ ತಪ್ಪಾದ ಅವನ ಸಮ ಹಂಚಿಕೆ ಇಲ್ಲಿ ಸರಿಹೋಯಿತು. ಒಂದು ಹಾಳೆಯ ಮೇಲೆ 26 ಚುಕ್ಕಿಯನ್ನೂ ಒಟ್ಟಿಗೆ ಇಟ್ಟು, ಪಕ್ಕದಲ್ಲಿ ನಂಬರ್ ಬರೆದೆವು. ಕಮಾನುಗಳ ಸಾಲು ಕಾಣಿಸಿತು. ಮೇಲೆ ಚುಕ್ಕಿ ಒತ್ತೊತ್ತಾಗಿ, ನೆಲದ ಹತ್ತಿರ ದೂರ ದೂರ. ಇದೇ ನಮ್ಮ ನಕ್ಷೆ.

ಗುರುವಾರ, ಗಾಜು

ಹಳೆಯ ಫೋಟೋ ಫ್ರೇಮಿನ ಗಾಜು ಬಿಚ್ಚಿ ಎರಡು ಕಟ್ಟು ಪುಸ್ತಕಗಳ ಮೇಲೆ ಇಟ್ಟೆ. ಕೆಳಗೆ ಮೊಬೈಲ್ ಟಾರ್ಚ್. ಗಾಜಿನ ಅಂಚಿಗೆ ಸೆಲೋಟೇಪ್ ಸುತ್ತಿದೆ, ಮಗುವಿನ ಕೈ. ಗಾಜಿನ ಮೇಲೆ ನಕ್ಷೆ ಅಂಟಿಸಿ, ಅದರ ಎಡಕ್ಕೂ ಕೆಳಕ್ಕೂ ರಟ್ಟಿನ ಪಟ್ಟಿ ಅಂಟಿಸಿದೆ. ಪ್ರತಿ ಹಾಳೆಯನ್ನೂ ಆ ಮೂಲೆಗೆ ಒತ್ತಿ ಇಟ್ಟರೆ ಎಲ್ಲವೂ ಒಂದೇ ಜಾಗದಲ್ಲಿ ಕೂರುತ್ತವೆ. ಮೂಲೆ ಇಲ್ಲದಿದ್ದರೆ ಒಂದೊಂದು ಹಾಳೆ ಒಂದೊಂದು ಕಡೆ ಸರಿದು ನೆಲವೇ ಭೂಕಂಪ ಆದಂತೆ ಕುಣಿಯುತ್ತೆ.

ಮೊದಲ ಚಿತ್ರ ಕಟ್ಟಿನ ತೀರಾ ಕೆಳಗೆ, ಕೊನೆಯದು ಮೇಲೆ. ಹೆಬ್ಬೆರಳಿನಿಂದ ಬಿಡುವಾಗ ಕೆಳಗಿನ ಹಾಳೆ ಮೊದಲು ಬೀಳುತ್ತೆ, ಅದಕ್ಕೆ. ಅವನಿಗೆ ಇದು ತಲೆಕೆಳಗು ಅನ್ನಿಸಿತು. ಎರಡು ಸಲ ಮಾಡಿ ತೋರಿಸಿದ ಮೇಲೆ ಸುಮ್ಮನಾದ.

ಚೆಂಡಿಗೆ ಪೆನ್ಸಿಲ್ ಹಿಂದಿನ ರಬ್ಬರನ್ನೇ ಸ್ಟ್ಯಾಂಪ್ ಇಂಕಿಗೆ ಅದ್ದಿ ಒತ್ತಿದ. ಪ್ರತಿ ಸಲವೂ ಅದೇ ಗಾತ್ರದ ದುಂಡು. ನೆಲಕ್ಕೆ ತಾಗುವ ಹಾಳೆಗಳಲ್ಲಿ ಮಾತ್ರ ಕೈಯಲ್ಲಿ ಬರೆಯಬೇಕು. ಅಲ್ಲಿ ಚೆಂಡು ಚಪ್ಪಟೆಯಾಗುತ್ತೆ. ಅಗಲ ಜಾಸ್ತಿ ಮಾಡಿದಷ್ಟು ಎತ್ತರ ಕಡಿಮೆ ಮಾಡು ಅಂದೆ, ಇಲ್ಲದಿದ್ದರೆ ಚೆಂಡು ಊದಿಕೊಂಡು ಮತ್ತೆ ಇಳಿದ ಹಾಗೆ ಕಾಣುತ್ತೆ. ಮೊದಲ ಬೀಳಿಗೆ ಜಾಸ್ತಿ ಚಪ್ಪಟೆ, ಕೊನೆಯದಕ್ಕೆ ಇಲ್ಲವೇ ಇಲ್ಲ.

ಕಲ್ಲಿನ ಗುಡ್ಡೆ ನನ್ನ ಪಾಲಿಗೆ. ಏಳು ಕಲ್ಲು, ಬಲತುದಿಯಲ್ಲಿ, ಪ್ರತಿ ಹಾಳೆಯಲ್ಲೂ ಅದೇ. ಈಗ ನನ್ನ ಕೈ ನಡುಗುತ್ತೆ. ಬಿಟ್ಟು ನೋಡಿದರೆ ಚೆಂಡು ಚೊಕ್ಕವಾಗಿ ಪುಟಿಯುತ್ತಿದೆ, ನಿಂತಿರಬೇಕಾದ ಕಲ್ಲು ಅದುರುತ್ತಿದೆ. ಕಾಲು ಮಿಲಿಮೀಟರ್ ವ್ಯತ್ಯಾಸವೂ ಇದರಲ್ಲಿ ಅಡಗಿ ಕೂರುವುದಿಲ್ಲ. ಕಲ್ಲನ್ನೂ ರಬ್ಬರಿನಲ್ಲಿ ಕೆತ್ತಿ ಅಚ್ಚು ಒತ್ತೋಣ ಅಂದೆ. ಇಪ್ಪತ್ತಾರು ಸಲ ಅಲುಗದೆ ನಿಲ್ಲುವ ಕಲ್ಲಿಗೆ ಅದೇ ಸರಿಯಾದ ದಾರಿ.

"ಬೇಡ ತಾತ. ಕಲ್ಲಿಗೆ ಭಯ ಆಗಿದೆ. ಚೆಂಡು ಬರ್ತಿದೆಯಲ್ಲ."

ಬ್ಯಾನರ್ ಕೆಲಸದಲ್ಲಿ ನಮ್ಮ ಮೇಸ್ತ್ರಿ ಇಂಥ ನೆಪ ಕೇಳಿದ್ದರೆ ಬ್ರಷ್ ಎಸೆಯುತ್ತಿದ್ದರು. ನಾನು ಹಾಗೇ ಬಿಟ್ಟೆ.

ಶನಿವಾರ, ಕಟ್ಟುವುದು

ಕ್ಲಿಪ್ ಹಾಕಿ ಬಿಟ್ಟರೆ ಎರಡನೇ ಪುಟಿತದ ಹತ್ತಿರ ಚೆಂಡು ಪ್ರತಿ ಸಲ ಹಾರಿಬಿಡುತ್ತಿತ್ತು. ಒಂದೊಂದು ಸಲ ಒಂದೊಂದು ಕಡೆ ಹಾರಿದರೆ ಅದು ಹೆಬ್ಬೆರಳಿನ ತೊಂದರೆ. ಯಾವಾಗಲೂ ಒಂದೇ ಕಡೆ ಅಂದರೆ ಹಾಳೆಯದು. ನಿಧಾನವಾಗಿ ಬಿಟ್ಟು ನಂಬರ್ ಓದು ಅಂದೆ. 16 ಕಾಣಿಸಲೇ ಇಲ್ಲ. ಕತ್ತರಿಯಲ್ಲಿ ಕತ್ತರಿಸುವಾಗ ಅದು ಕೂದಲೆಳೆಯಷ್ಟು ಗಿಡ್ಡ ಆಗಿತ್ತು. ಗಿಡ್ಡ ಹಾಳೆ ಹೆಬ್ಬೆರಳಿಗೆ ಸಿಗದೆ ಪಕ್ಕದ್ದರ ಜೊತೆ ಬಿದ್ದುಬಿಡುತ್ತೆ.

ಬೀದಿಯ ಕೊನೆಯ ಪ್ರೆಸ್ಸಿಗೆ ಒಯ್ದು ಕಟಿಂಗ್ ಮಷಿನ್‌ನಲ್ಲಿ ಬಲಗಡೆ ಎರಡು ಮಿಲಿಮೀಟರ್ ತೆಗೆಸಿದೆವು. ಎಲ್ಲ ಒಂದೇ ಸಮ. ಮನೆಗೆ ಬಂದು ಕಟ್ಟನ್ನು ಬಿಲ್ಲಿನಂತೆ ಬಗ್ಗಿಸಿ, ಬಲ ಅಂಚು ಸ್ವಲ್ಪ ಓರೆಯಾದ ಮೇಲೆ ಎಡಗಡೆ ಗಟ್ಟಿಯಾಗಿ ಹಿಡಿದು ಎರಡು ಪಿನ್ ಹೊಡೆದೆ. ಅಂಚು ಓರೆ ಇದ್ದರೆ ಹೆಬ್ಬೆರಳು ಒಂದೊಂದೇ ಹಾಳೆ ಬಿಡುತ್ತೆ. ಪಿನ್ ಮೇಲೆ ಬಟ್ಟೆ ಟೇಪ್.

1868ರಲ್ಲೇ ಇಂಗ್ಲೆಂಡಿನ ಜಾನ್ ಬಾರ್ನ್ಸ್ ಲಿನೆಟ್ ಅನ್ನುವವರು ಇಂಥ ಪುಸ್ತಕಕ್ಕೆ ಪೇಟೆಂಟ್ ತೆಗೆದಿದ್ದರು ಅಂದೆ. ಲುಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಸಿನಿಮಾ ತೋರಿಸಿದ್ದು 1895ರಲ್ಲಿ. "ಅಂದ್ರೆ ನಾವು ಮಾಡಿದ್ದು ಸಿನಿಮಾಗಿಂತ ಹಳೇದು" ಅಂತ ಅಮ್ಮನಿಗೆ ಹೇಳಲು ಓಡಿದ.

ಭಾನುವಾರ

ತಕರಾರು ಶುರುವಾಗಿದೆ. ಚೆಂಡು ಗುಡ್ಡೆಗೆ ತಾಗುತ್ತೆ, ಗುಡ್ಡೆ ಬೀಳಲ್ಲ. ಒಂದು ಹೆಜ್ಜೆ ಪುಟಿಯುವಷ್ಟೇ ಶಕ್ತಿ ಉಳಿದ ಚೆಂಡು ಕಲ್ಲು ಕೆಡವುವುದಿಲ್ಲ. ಎರಡನೇ ಪುಸ್ತಕದಲ್ಲಿ ಚೆಂಡು ಎಡಗಡೆಯಿಂದ ನೇರವಾಗಿ ಬಂದು ಹೊಡೆಯಲಿ ಅಂತ ತೀರ್ಮಾನ.

ಆದರೆ ಇಲ್ಲಿ ಹೊಸ ತೊಡಕು. ಗುಡ್ಡೆಯ ಎತ್ತರ 14 ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಹೆಜ್ಜೆಗೆ 18 ಬೀಳುತ್ತೆ. ಅಂದರೆ ಮೇಲಿನ ಕಲ್ಲು ಕೂಡ ಮೂರು ಹಾಳೆ ಮುಗಿಯುವ ಮೊದಲೇ ನೆಲದಲ್ಲಿರುತ್ತೆ. ಲೆಕ್ಕಕ್ಕೆ ಸರಿ, ಕಣ್ಣಿಗೆ ಏನೂ ಕಾಣಲ್ಲ. ಪಾಲನ್ನು 2ರ ಬದಲು ಅರ್ಧ ಮಿಲಿಮೀಟರಿಗೆ ಇಳಿಸಿ ಹಾಳೆ ಜಾಸ್ತಿ ಮಾಡಬಹುದು, ಆಗ ಸ್ಲೋ ಮೋಷನ್ ಆಗುತ್ತೆ. ಆಗ ಚೆಂಡನ್ನೂ ನಿಧಾನ ಮಾಡಬೇಕು. ಇಲ್ಲವೇ ಗುಡ್ಡೆಯನ್ನೇ ದೊಡ್ಡದು ಮಾಡಿ ಹತ್ತಿರದಿಂದ ತೋರಿಸಬೇಕು.

ಅವನಿಗೆ ಸ್ಲೋ ಮೋಷನ್ ಬೇಕು. ನನಗೆ ದೊಡ್ಡ ಕಲ್ಲು ಬೇಕು, ಬರೆಯೋಕೆ ಕೈಗೂ ಸುಲಭ. ನಾಳೆ ಎರಡಕ್ಕೂ ಚುಕ್ಕಿ ನಕ್ಷೆ ಹಾಕಿ ನೋಡ್ತೀವಿ.