ಹನ್ನೆರಡು ಬಾರು, ನಡುವೆ ಜಾರುವ ಗಾಂಧಾರ

ಶಿಕಾಗೊದಲ್ಲಿ ಜೂನ್ ತಿಂಗಳು ಬಂತೆಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ನ ಹಬ್ಬ. 1984ರಲ್ಲಿ ಶುರುವಾದದ್ದು, ಈಗ ನಡೆಯುವುದು ಮಿಲೆನಿಯಂ ಪಾರ್ಕಿನಲ್ಲಿ, ಟಿಕೆಟ್ ಇಲ್ಲ. ಊರಿಂದ ಬಂದವರು ಅಲ್ಲಿ ಅರ್ಧ ಗಂಟೆ ಕೂತರೆ ಎರಡು ಪ್ರಶ್ನೆ ಏಳುತ್ತವೆ. ಎಲ್ಲ ಹಾಡೂ ಒಂದೇ ಥರ ಸಾಗುತ್ತಿದೆಯಲ್ಲ? ಹಾಡುವವರು ಅಲ್ಲಲ್ಲಿ ಶ್ರುತಿ ಬಿಡುತ್ತಿದ್ದಾರಾ? ಎರಡೂ ಒಳ್ಳೆಯ ಕಿವಿಯ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಹನ್ನೆರಡು ಬಾರಿನ ಕಟ್ಟು, ಎರಡನೆಯದಕ್ಕೆ ಬ್ಲೂ ನೋಟ್. ಪಾಠ ಹೇಳುವವರು ಇವೆರಡನ್ನೂ ಬೇರೆಬೇರೆಯಾಗಿ ಹೇಳಿಬಿಡುತ್ತಾರೆ. ಆದರೆ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ, ಹಾಗಾಗಿ ಇಲ್ಲಿ ಒಟ್ಟಿಗೇ ನೋಡೋಣ.

ಈಗಿನ ಪಾಪ್ ಹಾಡು ಹೆಚ್ಚಾಗಿ ನಾಲ್ಕು ಕಾರ್ಡುಗಳ ಸುತ್ತು. ಕಾರ್ಡು ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಒಂದೊಂದು ಕಾರ್ಡಿಗೆ ಒಂದೊಂದು ಬಾರು, ಬಾರಿಗೆ ನಾಲ್ಕು ಬೀಟು. ಆ ಸುತ್ತನ್ನು ಎರಡು ಸಲ ಹಾಕಿದರೆ ಎಂಟು ಬಾರು, ನಾಲ್ಕು ಸಲ ಹಾಕಿದರೆ ಹದಿನಾರು. ವರ್ಸ್ ಮುಗಿದು ಕೋರಸ್ ಬರುವುದೂ ಇದೇ ಲೆಕ್ಕದಲ್ಲಿ. ಕಿವಿ ಇದಕ್ಕೆ ಎಷ್ಟು ಒಗ್ಗಿಹೋಗಿರುತ್ತದೆ ಎಂದರೆ, ಎಂಟು ಬಾರು ಆದ ಕೂಡಲೇ ಏನೋ ಮುಗಿಯಿತು, ಹೊಸದು ಶುರುವಾಗಬೇಕು ಅನಿಸುತ್ತದೆ. ಬ್ಲೂಸ್ ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೂ ನಾಲ್ಕು ಬಾರು ಮುಂದೆ ಹೋಗುತ್ತದೆ. ಹೊಸಬರು ದಾರಿ ತಪ್ಪುವ ಜಾಗ ಇದೇ.

ಎ ಶ್ರುತಿಯಲ್ಲಿ ಒಂದು ಸುತ್ತು ಹೀಗಿರುತ್ತದೆ. ಒಂದು ಅಕ್ಷರಕ್ಕೆ ಒಂದು ಬಾರು:

ಎ – ಎ – ಎ – ಎ
ಡಿ – ಡಿ – ಎ – ಎ
ಇ – ಡಿ – ಎ – ಇ

ಇರುವುದು ಮೂರೇ ಕಾರ್ಡು. ಎ ಅಂದರೆ ಮನೆ, ಅದೇ ಷಡ್ಜ. ಡಿ ಮಧ್ಯಮದ ಮೇಲೆ ಕಟ್ಟಿದ ಕಾರ್ಡು, ಇ ಪಂಚಮದ ಮೇಲೆ ಕಟ್ಟಿದ್ದು. ಕೊನೆಯ ಬಾರಿನ ಇ ಮತ್ತೆ ಮೊದಲಿಗೆ ತಳ್ಳುವುದಕ್ಕೆ. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಒಂದು ಸುತ್ತಿಗೆ 24 ಸೆಕೆಂಡು. ಇಲ್ಲಿನ ಸಂಗೀತಗಾರರು ಒಂದು ಪೂರ್ತಿ ಸುತ್ತನ್ನೇ ಕೋರಸ್ ಎನ್ನುತ್ತಾರೆ. ವೇದಿಕೆಯ ಮೇಲೆ ಯಾರಿಗಾದರೂ "ಎರಡು ಕೋರಸ್ ತಗೋ" ಅಂದರೆ 24 ಬಾರು ಸೋಲೊ ನುಡಿಸು ಎಂದರ್ಥ. ಪಾಪ್ ಹಾಡಿನ ಕೋರಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಎಣಿಸುವುದಕ್ಕೆ ನಮ್ಮ ಕೈಯೇ ಸಾಕು. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಹೆಬ್ಬೆರಳಿನಿಂದ ಮೇಲಿನ ಸಾಲಿನ ಗೆಣ್ಣುಗಳನ್ನು ತೋರುಬೆರಳಿಂದ ಕಿರುಬೆರಳಿನವರೆಗೆ ಬಾರಿಗೊಂದರಂತೆ ಮುಟ್ಟಿ. ಆಮೇಲೆ ನಡುವಿನ ಸಾಲು, ಆಮೇಲೆ ಬುಡದ ಸಾಲು. ಹೆಬ್ಬೆರಳು ನಡುವಿನ ಸಾಲಿನ ಮೊದಲ ಗೆಣ್ಣಿಗೆ ಬಂದಾಗ ಬ್ಯಾಂಡು ಡಿಗೆ ಹಾರಿರಬೇಕು. ಬುಡದ ಸಾಲಿಗೆ ಇಳಿದಾಗ ಇ ಕೇಳಿಸಬೇಕು. ಕೇಳಿಸದಿದ್ದರೆ ಲೆಕ್ಕ ತಪ್ಪಿದೆ. ಆಗ ಎಣಿಕೆ ನಿಲ್ಲಿಸಿ, ಇ–ಡಿ–ಎ ಎಂದು ಮೆಟ್ಟಿಲಿಳಿಯುವ ಸದ್ದಿಗೆ ಕಾಯಿರಿ. ಸುತ್ತಿನಲ್ಲಿ ಅದು ಒಂದೇ ಸಲ ಬರುತ್ತದೆ, ಒಂಬತ್ತನೇ ಬಾರಿನಲ್ಲಿ. ಕೆಲವರು ಎರಡನೇ ಬಾರಿನಲ್ಲೇ ಒಮ್ಮೆ ಡಿಗೆ ಹೋಗಿ ಮೂರಕ್ಕೆ ವಾಪಸ್ ಬರುತ್ತಾರೆ. ಅದಕ್ಕೆ ಕ್ವಿಕ್ ಚೇಂಜ್ ಎಂದು ಹೆಸರು. ಅದನ್ನೇ ಐದನೇ ಬಾರು ಎಂದುಕೊಂಡವರು ಪೂರ್ತಿ ಸುತ್ತು ತಪ್ಪುತ್ತಾರೆ.

ಬೀಟಿನ ಒಳನಡೆ ತಿಶ್ರ. ತಕಿಟ ಎಂದುಕೊಂಡು ನಡುವಿನ "ಕಿ"ಯನ್ನು ನುಂಗಿ, "ತ – ಟ, ತ – ಟ" ಎಂದರೆ ಷಫಲ್ ಬಂತು. ಎರಡನ್ನೂ ಸಮವಾಗಿ ಹೇಳಿದರೆ ಕಾರ್ಡು ಸರಿಯಿದ್ದರೂ ಅದು ರಾಕ್ ಹಾಡಿನಂತೆ ಕೇಳುತ್ತದೆ.

ಇನ್ನು ಸಾಹಿತ್ಯ. ಮೂರು ಸಾಲಿನ ಕಟ್ಟಿಗೆ ಮೂರು ಸಾಲಿನ ಪದ. ಮೊದಲ ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಕನ್ನಡದಲ್ಲಿ ಒಂದು ಮಾದರಿ ಕಟ್ಟಿದರೆ:

ಮಳೆ ನಿಂತು ಮೂರು ದಿನವಾಯ್ತು, ನನ್ನ ಸೂರಿನ್ನೂ ಸೋರುತೈತೆ
ಮಳೆ ನಿಂತು ಮೂರು ದಿನವಾಯ್ತು, ನನ್ನ ಸೂರಿನ್ನೂ ಸೋರುತೈತೆ
ಸೂರಲ್ಲ ಕಣೇ ಸೋರೋದು, ನೀ ಹೋದ್ಮೇಲೆ ಕಣ್ಣೇ ಕೋಡಿ ಬಿದ್ದೈತೆ

ಪದ ಎಲ್ಲಿ ಕೂರುತ್ತದೆ ಎನ್ನುವುದನ್ನು ಗಮನಿಸಿ. ನಾಲ್ಕು ಬಾರಿನ ಸಾಲಿನಲ್ಲಿ ಹಾಡುವುದು ಸುಮಾರು ಎರಡೇ ಬಾರು. "ಸೋರುತೈತೆ"ಯ ಕೊನೆ ಮೂರನೇ ಬಾರಿನ ಮೊದಲ ಬೀಟಿಗೆ ಮುಟ್ಟುತ್ತದೆ. ಅಲ್ಲಿಂದ ನಾಲ್ಕನೇ ಬಾರಿನ ಕೊನೆಯವರೆಗೆ ಗಾಯಕ ಸುಮ್ಮನಿರುತ್ತಾನೆ, ಗಿಟಾರೋ ಹಾರ್ಮೋನಿಕವೋ ಉತ್ತರ ಹೇಳುತ್ತದೆ. ಪಾಪ್ ಹಾಡಿ ರೂಢಿಯಿರುವವರು ಈ ಜಾಗವನ್ನು ಖಾಲಿ ಎಂದುಕೊಂಡು ಪದ ತುಂಬುತ್ತಾರೆ, ಇಲ್ಲವೇ ಕಾಯಲಾರದೆ ಎರಡನೇ ಸಾಲನ್ನು ಮೂರನೇ ಬಾರಿನಲ್ಲೇ ಎತ್ತಿಬಿಡುತ್ತಾರೆ. ಎತ್ತಿದರೆ ಬ್ಯಾಂಡು ಇನ್ನೂ ಎ ಮೇಲಿರುತ್ತದೆ. ಎರಡನೇ ಸಾಲಿಗೆ ಸಿಗಬೇಕಾದ ಹೊಸ ನೆಲ ಸಿಗುವುದಿಲ್ಲ, ಅದು ಬರೀ ಪುನರಾವರ್ತನೆಯಾಗಿ ಉಳಿಯುತ್ತದೆ.

ಆ ಹೊಸ ನೆಲದ ವಿಷಯಕ್ಕೇ ಬ್ಲೂ ನೋಟ್ ಬರುವುದು. ಎ ಷಡ್ಜವಾದರೆ ಸಾಧಾರಣ ಗಾಂಧಾರ ಸಿ, ಅಂತರ ಗಾಂಧಾರ ಸಿ ಶಾರ್ಪ್. ಕೀಬೋರ್ಡಿನಲ್ಲಿ ಇವೆರಡರ ನಡುವೆ ಇನ್ನೊಂದು ಮನೆ ಇಲ್ಲ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಎಂಬ ಅಳತೆಯಲ್ಲಿ ಹೇಳುವುದಾದರೆ ಸಿ ಷಡ್ಜದಿಂದ 300 ಸೆಂಟ್ ಮೇಲೆ, ಸಿ ಶಾರ್ಪ್ 400 ಸೆಂಟ್ ಮೇಲೆ. ಬ್ಲೂಸ್ ಹಾಡುವವರ ಗಾಂಧಾರ ಇವೆರಡರ ನಡುವೆ ಎಲ್ಲೋ ಇರುತ್ತದೆ, ಕೆಲವೊಮ್ಮೆ ಸರಿಸುಮಾರು 350ರ ಹತ್ತಿರ, ಮತ್ತು ಅದು ನಿಂತಲ್ಲಿ ನಿಲ್ಲುವುದಿಲ್ಲ. ಶ್ರುತಿ ಬಿಟ್ಟಂತೆ ಕೇಳಿಸಿದ್ದು ಇದೇ. ಈಗಿನ ಪಾಪ್ ರೆಕಾರ್ಡಿಂಗ್‌ನಲ್ಲಿ ಕಂಠವನ್ನು ಸಾಮಾನ್ಯವಾಗಿ ಆಟೊಟ್ಯೂನ್‌ನಂಥ ಸಾಧನದಿಂದ ಹತ್ತಿರದ ಮನೆಗೆ ಸರಿಸಿರುತ್ತಾರೆ. 350ರಲ್ಲಿರುವ ಸ್ವರವನ್ನು ಅದು 300ಕ್ಕೋ 400ಕ್ಕೋ ಎಳೆದು ಕೂರಿಸುತ್ತದೆ. ಹಾಗೆ ತಿದ್ದಿದ ಕಂಠವನ್ನೇ ಕೇಳಿ ಬೆಳೆದ ಕಿವಿಗೆ ನಡುವಿನ ಜಾಗ ತಪ್ಪಾಗಿ ಕೇಳಿಸುವುದು ಸಹಜ.

ದರ್ಬಾರಿ ಕಾನಡದ ತೂಗಾಡುವ ಗಾಂಧಾರ ಕೇಳಿದವರಿಗೆ ಇಂಥದ್ದು ಹೊಸದಲ್ಲ. ಆದರೆ ದೊಡ್ಡ ವ್ಯತ್ಯಾಸವೊಂದಿದೆ. ಅಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ, ಗಾಂಧಾರ ಮಾತ್ರ ತೂಗುತ್ತದೆ. ಬ್ಲೂಸಿನಲ್ಲಿ ಐದನೇ ಬಾರು ಬಂದಾಗ ಕೆಳಗಿನ ನೆಲವೇ ಸರಿಯುತ್ತದೆ.

ಹೇಗೆಂದು ನೋಡಿ. ಬ್ಲೂಸಿನಲ್ಲಿ ಮೂರೂ ಕಾರ್ಡುಗಳು ಸೆವೆಂತ್ ಕಾರ್ಡುಗಳು. ಎ ಸೆವೆಂತ್‌ನಲ್ಲಿ ಎ, ಸಿ ಶಾರ್ಪ್, ಇ, ಜಿ ಇವೆ. ಅದರ ಮೇಲೆ ಸಿ ಹಾಡಿದರೆ ಅದು ಕಾರ್ಡಿನ ಸಿ ಶಾರ್ಪ್‌ಗೆ ಉಜ್ಜುತ್ತದೆ, ಮೇಲಕ್ಕೆ ಹೋಗಲು ತವಕಿಸುತ್ತದೆ. ಗಾಯಕ ಅರ್ಧ ದಾರಿ ಏರಿ ಅಲ್ಲೇ ತಡೆಯುತ್ತಾನೆ. ನೋವು ಅನ್ನಿಸುವ ಸದ್ದು ಹುಟ್ಟುವುದು ಆ ತಡೆಯಲ್ಲಿ. ಡಿ ಸೆವೆಂತ್‌ನಲ್ಲಿ ಡಿ, ಎಫ್ ಶಾರ್ಪ್, ಎ, ಸಿ ಇವೆ. ಅಂದರೆ ಐದನೇ ಬಾರಿನಲ್ಲಿ ಅದೇ ಸಿ ಕಾರ್ಡಿನ ಸ್ವಂತ ಸ್ವರವಾಗಿಬಿಡುತ್ತದೆ. ಮೊದಲ ಸಾಲಿನಲ್ಲಿ ನಿಲ್ಲಲಾರದೆ ಒದ್ದಾಡಿದ ಸ್ವರ ಎರಡನೇ ಸಾಲಿನಲ್ಲಿ ಕೆಳಗಿಳಿದು ಕೂರುತ್ತದೆ. "ಸೂರಿನ್ನೂ ಸೋರುತೈತೆ" ಎಂಬ ಪದ ಅದೇ, ರಾಗವೂ ಹೆಚ್ಚುಕಡಿಮೆ ಅದೇ. ಮೊದಲ ಸಲ ಅದು ದೂರು, ಎರಡನೇ ಸಲ ಒಪ್ಪಿಕೊಂಡ ದುಃಖ. ಒಂದೇ ಸಾಲನ್ನು ಎರಡು ಸಲ ಹಾಡುವುದು ಬೇಸರ ತರದಿರುವುದಕ್ಕೆ ಕಾರಣ ಈ ಬದಲಾವಣೆಯೇ ಎಂಬುದು ಈ ಬರಹದ ಗಟ್ಟಿ ನಂಬಿಕೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಬ್ಬರು ಗಿಟಾರಿನಲ್ಲಿ ಎ ಸೆವೆಂತ್ ಮೀಟುತ್ತಿರಲಿ, ನೀವು ಸಿಯಿಂದ ಸಿ ಶಾರ್ಪ್‌ಗೆ ನಾಲ್ಕು ಬೀಟು ತೆಗೆದುಕೊಂಡು ನಿಧಾನ ಜಾರಿ. ಎರಡು ಮೂರು ಸಲ ಆದ ಮೇಲೆ ನಡುದಾರಿಯಲ್ಲೇ ನಿಲ್ಲಿ. ಕಾರ್ಡು ಡಿ ಸೆವೆಂತ್‌ಗೆ ಬದಲಾದ ಕೂಡಲೇ ಸಿಗೆ ಇಳಿದುಬಿಡಿ. ಇಳಿದಾಗ ಗಂಟಲು ಸಡಿಲವಾದಂತೆ ಅನಿಸಿದರೆ ಸರಿಯಾಗಿದೆ. ಒಂಬತ್ತನೇ ಬಾರಿನ ಇ ಸೆವೆಂತ್ ಮೇಲೆ ಮಾತ್ರ ಸಿ ಹಿಡಿದು ನಿಲ್ಲಬೇಡಿ. ಆ ಕಾರ್ಡಿನಲ್ಲಿರುವ ಬಿ ಅಥವಾ ಡಿ ಹಾಡಿ.

ಗಿಟಾರಿನಲ್ಲಿ ಈ ಸಿ ಮೂರನೇ ತಂತಿಯ ಐದನೇ ಫ್ರೆಟ್ಟಿನಲ್ಲಿದೆ. ತೋರುಬೆರಳಿನಿಂದ ತಂತಿಯನ್ನು ತುಸುವೇ ಒತ್ತರಿಸಿ. ಪೂರ್ತಿ ಒತ್ತರಿಸಿ ಸಿ ಶಾರ್ಪ್ ಮುಟ್ಟಿಸಿದರೆ ಸದ್ದು ಹಸನಾಗುತ್ತದೆ, ಬ್ಲೂಸ್ ಹೋಗುತ್ತದೆ. ಇನ್ನೊಂದು ತಪ್ಪು, ಅಭ್ಯಾಸಬಲದಿಂದ ಐದನೇ ಬಾರಿನಲ್ಲೂ ಅದೇ ಒತ್ತು ಕೊಡುವುದು. ಅಲ್ಲಿ ಕಾರ್ಡಿನ ಸಿಗೂ ನಿಮ್ಮ ಏರಿದ ಸಿಗೂ ಘರ್ಷಣೆಯಾಗಿ ನಿಜವಾಗಿಯೂ ಅಪಸ್ವರವೇ ಕೇಳುತ್ತದೆ. ಹಾರ್ಮೋನಿಕದವರು ಎ ಶ್ರುತಿಗೆ ಡಿ ಹಾರ್ಮೋನಿಕ ಹಿಡಿಯುತ್ತಾರೆ. ಅದರ ಮೂರನೇ ರಂಧ್ರದಲ್ಲಿ ಉಸಿರೆಳೆದರೆ ಸಿ ಶಾರ್ಪ್, ನಾಲಿಗೆಯ ಆಕಾರ ಬದಲಿಸಿ ಎಳೆದರೆ ಅದು ಕೆಳಗೆ ಬಗ್ಗುತ್ತದೆ. ಗಿಟಾರು ಕೆಳಗಿನಿಂದ ಏರಿ ನಡುಜಾಗಕ್ಕೆ ಬಂದರೆ ಹಾರ್ಮೋನಿಕ ಮೇಲಿನಿಂದ ಇಳಿದು ಅಲ್ಲಿಗೇ ಬರುತ್ತದೆ. ಪಿಯಾನೊದಲ್ಲಿ ಬಗ್ಗಿಸುವುದೆಂಬುದೇ ಇಲ್ಲ. ಸಿ ಶ್ರುತಿಯಲ್ಲಿ ನುಡಿಸುವಾಗ ಇ ಫ್ಲ್ಯಾಟ್‌ನ ಕಪ್ಪು ಮನೆಯಿಂದ ಇಯ ಬಿಳಿ ಮನೆಗೆ ಒಂದೇ ಬೆರಳನ್ನು ಜಾರಿಸಿ ಆ ಭಾಸ ಹುಟ್ಟಿಸುತ್ತಾರೆ.

ಈ ಹನ್ನೆರಡು ಬಾರು ಅಚ್ಚಾದ ಸಂಗೀತದಲ್ಲಿ 1912ರ ಹೊತ್ತಿಗೇ ಇತ್ತು. ಡಬ್ಲ್ಯೂ. ಸಿ. ಹ್ಯಾಂಡಿ ಆ ವರ್ಷ ಪ್ರಕಟಿಸಿದ "ಮೆಂಫಿಸ್ ಬ್ಲೂಸ್"ನಲ್ಲಿ ಅದು ಕಾಣುತ್ತದೆ. ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆಯಿಂದ ಕೆಲಸ ಹುಡುಕಿ ಉತ್ತರಕ್ಕೆ ಬಂದ ಕಪ್ಪು ಜನ ಅದನ್ನು ಶಿಕಾಗೊಗೆ ತಂದರು. 1943ರಲ್ಲಿ ಬಂದ ಮಡಿ ವಾಟರ್ಸ್ ಅವರಲ್ಲೊಬ್ಬರು. ಒಬ್ಬರೇ ಗಿಟಾರು ಹಿಡಿದು ಹಾಡುವಾಗ ಹನ್ನೆರಡಕ್ಕೆ ಅಂಟಿಕೊಳ್ಳಬೇಕೆಂದಿಲ್ಲ. ಜಾನ್ ಲೀ ಹೂಕರ್ ಎಷ್ಟೋ ಸಲ ಒಂದೇ ಕಾರ್ಡಿನ ಮೇಲೆ ತಮಗೆ ಬೇಕಾದಷ್ಟು ಹೊತ್ತು ಇರುತ್ತಿದ್ದರು. ಆದರೆ ಡ್ರಮ್ಸ್, ಬೇಸ್, ಎರಡನೇ ಗಿಟಾರು ಸೇರಿದ ಮೇಲೆ ಎಲ್ಲರೂ ಒಟ್ಟಿಗೆ ಹಾರಲು ಒಂದು ಲೆಕ್ಕ ಬೇಕು. ಪರಿಚಯವೇ ಇಲ್ಲದ ಐವರು ಇಲ್ಲಿನ ಜ್ಯಾಮ್ ವೇದಿಕೆ ಹತ್ತಿ, "ಎ ಶ್ರುತಿ, ಷಫಲ್, ಕ್ವಿಕ್ ಚೇಂಜ್, ಫ್ರಮ್ ದ ಫೈವ್" ಎಂಬ ಒಂದೇ ಮಾತಿಗೆ ಶುರುಮಾಡುವುದು ಇದೇ ಲೆಕ್ಕದ ಬಲದಿಂದ. ಕೊನೆಯ ಆ ಮಾತಿನ ಅರ್ಥ, ಪೀಠಿಕೆಯಾಗಿ ಒಂಬತ್ತನೇ ಬಾರಿನ ಇಯಿಂದ ಹಿಡಿದು ಕೊನೆಯ ನಾಲ್ಕು ಬಾರು ನುಡಿಸಿ, ಆಮೇಲೆ ಮೊದಲಿಗೆ ಬನ್ನಿ ಎಂದು.

ಹಾಡು ಮುಗಿಯುವ ಸುತ್ತಿನಲ್ಲಿ ಹನ್ನೆರಡನೇ ಬಾರಿನ ಇಯಲ್ಲಿ ನಿಲ್ಲದೆ ಬ್ಯಾಂಡು ಎಗೆ ಮರಳುತ್ತದೆ. ಅಲ್ಲೂ ಅದು ಬರೀ ಎ ಅಲ್ಲ, ಎ ಸೆವೆಂತ್. ಪಾಪ್ ಕಿವಿಗೆ ಸೆವೆಂತ್ ಎಂದರೆ ಇನ್ನೆಲ್ಲಿಗೋ ಹೊರಟ ಕಾರ್ಡು. ಹಾಗಾಗಿ ಹೊಸಬರು ಚಪ್ಪಾಳೆ ಹೊಡೆಯದೆ ಮುಂದಿನ ಕಾರ್ಡಿಗೆ ಕಾಯುತ್ತಾ ಕೂರುತ್ತಾರೆ. ಬ್ಲೂಸಿನಲ್ಲಿ ಅದೇ ಮನೆ. ಡ್ರಮ್ಮರ್ ಸಿಂಬಲ್ಲನ್ನು ಕೈಯಿಂದ ಹಿಡಿದು ಸದ್ದಡಗಿಸಿದನೆಂದರೆ ಹಾಡು ಮುಗಿದಿದೆ.