ಹತ್ತು ನಿಮಿಷದ ಜುಮಾ ಬಯಾನ್: ಪೀಠಿಕೆ ಎಲ್ಲಿಗೆ ಬಂತು

ಚಿಕ್ಕಮಗಳೂರಿನ ನಮ್ಮ ಮಸೀದಿಯಲ್ಲಿ ಅರಬಿ ಖುತ್ಬಾಕ್ಕೆ ಮುಂಚೆ ಹತ್ತು ನಿಮಿಷ ಕನ್ನಡ ಬಯಾನ್ ಇರುತ್ತದೆ. ನಾನು ಬರೆದುಕೊಡುತ್ತೇನೆ, ಉಸ್ತಾದರು ತಿದ್ದಿ ಮಾತಾಡುತ್ತಾರೆ. ಈ ಸಲದ ವಿಷಯ ಅಳತೆ, ತೂಕದಲ್ಲಿ ಮೋಸ. ಪೀಠಿಕೆಗೆ ಒಂದೂವರೆ ನಿಮಿಷ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ, ಅಲ್ವಾ?

ಉಪದೇಶ ಬಿಟ್ಟು ನೇರವಾಗಿ ಹದೀಸಿನಿಂದಲೇ ಶುರು ಮಾಡಿದ್ದೇನೆ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ ಅವರಿಂದ ಬಂದದ್ದು. ಈಗಿನ ರೂಪ ಹೀಗಿದೆ:

"ಮಾರಾಟಕ್ಕೆ ಧಾನ್ಯದ ರಾಶಿ ಇಟ್ಟಿದೆ. ಮೇಲೆಲ್ಲ ಒಣಗಿದೆ. ಪ್ರವಾದಿಯವರು ರಾಶಿಯೊಳಗೆ ಕೈ ಹಾಕಿದರು. ಬೆರಳು ಒದ್ದೆಯಾಯಿತು. ಇದೇನಪ್ಪಾ ಎಂದು ಕೇಳಿದರು. ಮಳೆಗೆ ನೆನೆಯಿತು ಎಂದ ವ್ಯಾಪಾರಿ."

ಇಲ್ಲಿ ನಿಲ್ಲಿಸಿದ್ದೇನೆ. "ಜನಕ್ಕೆ ಕಾಣುವ ಹಾಗೆ ಅದನ್ನು ಮೇಲೆ ಯಾಕೆ ಇಡಲಿಲ್ಲ? ಮೋಸ ಮಾಡಿದವನು ನನ್ನವನಲ್ಲ" ಎಂಬ ಪ್ರವಾದಿಯವರ ಮಾತು ಸ್ವಲ್ಪ ತಡೆದು ಬರಬೇಕು. ಮಳೆ ವ್ಯಾಪಾರಿಯ ತಪ್ಪಲ್ಲ, ಒದ್ದೆಯನ್ನು ಅಡಿಗೆ ಹಾಕಿದ್ದು ತಪ್ಪು. ಕಾಫಿ ಮೂಟೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮೇಲಿನ ಮಹಡಿಯಲ್ಲಿ ಕೂರುವ ಹೆಂಗಸರಲ್ಲಿ ಕೆಲವರು ತೋಟಕ್ಕೆ ಹಣ್ಣು ಕುಯ್ಯಲು ಹೋಗುವವರು. ಅವರು ಮಾರುವವರಲ್ಲ. ಸಂಜೆ ಅವರ ಚೀಲವನ್ನೇ ತೂಗುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ಅದಕ್ಕೇ ಹದೀಸಿನ ಬೆನ್ನಿಗೆ ಸೂರಾ ಮುತಫ್ಫಿಫೀನ್‌ನ ಮೊದಲ ಮೂರು ಆಯತ್ ಸೇರಿಸಿದೆ. ಜನರಿಂದ ತೆಗೆದುಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ನಾಶ ಎನ್ನುತ್ತವೆ ಅವು. ಹಣ್ಣು ತೂಗುವಾಗ ಅರ್ಧ ಕಿಲೋ ಬಿಟ್ಟು ಬರೆಯುವ ರೈಟರ್ ಕೂಡ ಇದರೊಳಗೆ ಬಂದ. ಉಸ್ತಾದರಿಗೆ ಆಯತ್ ಮೊದಲು ಬರಬೇಕು ಅಂತಿತ್ತು. ಕೊನೆಗೆ ಹಮ್ದ್, ಸಲಾತ್ ಚಿಕ್ಕದಾಗಿ ಹೇಳಿ, ಹದೀಸು, ಆಮೇಲೆ ಆಯತ್ ಎಂದು ಒಪ್ಪಿದರು.

ಮೇಲಿನವರಿಗೆ ಕೇಳುವುದು ಸ್ಪೀಕರ್ ಮಾತ್ರ, ಉಸ್ತಾದರ ಕೈ ಕಾಣುವುದಿಲ್ಲ. ಹಾಗಾಗಿ ಅವರು ಕೈಸನ್ನೆಯಲ್ಲಿ ತೋರಿಸುತ್ತಿದ್ದ "ಹೀಗೆ ಹಾಕಿದರು" ತೆಗೆದು, "ರಾಶಿಯೊಳಗೆ ಕೈ ಹಾಕಿದರು" ಎಂದು ಪೂರ್ತಿ ಬರೆದೆ. ಉದ್ದದ ವಾಕ್ಯಗಳನ್ನೂ ಮುರಿದೆ. ನಮ್ಮ ಸ್ಪೀಕರ್ ವಾಕ್ಯದ ಬಾಲವನ್ನು ನುಂಗಿಬಿಡುತ್ತದೆ.

ವುಝೂ ಮಾಡಿ ತಡವಾಗಿ ಬರುವವರಿಗೆ ಪೀಠಿಕೆ ಸಿಗುವುದೇ ಇಲ್ಲ. ಅವರಿಗಾಗಿ ಐದನೇ ನಿಮಿಷದಲ್ಲಿ ರಾಶಿಯ ಮಾತು ಒಂದೇ ಸಾಲಿನಲ್ಲಿ ಮತ್ತೆ ಬರುತ್ತದೆ.

ಇನ್ನೊಂದು ತಕರಾರು ಉಳಿದಿದೆ. ಕಿರಾಣಿ, ಮಾಂಸ, ಕಾಫಿ ಎಂದು ವ್ಯಾಪಾರಗಳನ್ನು ಹೆಸರಿಸಿದರೆ ಸಾಲಿನಲ್ಲಿರುವ ಆ ಅಂಗಡಿಯವರ ಕಡೆ ಎಲ್ಲರೂ ತಿರುಗುತ್ತಾರೆ. ಕಾಫಿ ಒಂದನ್ನೇ ಇಡೋಣ ಅಂತಿದ್ದೇನೆ, ಅದರಲ್ಲಿ ಎಲ್ಲರ ಮನೆಯವರೂ ಇದ್ದಾರೆ. ಗುರುವಾರ ಇಶಾ ಆದಮೇಲೆ ಉಸ್ತಾದರು ಮೈಕಿನಲ್ಲಿ ಓದುತ್ತಾರೆ, ನಾನು ಮೇಲಿನ ಮಹಡಿಯಲ್ಲಿ ಕೂತು ಕೇಳುತ್ತೇನೆ.