ರಿಕ್ರೂಟರ್‌ಗೆ ಮೊದಲ ಉತ್ತರ ಬರೆಯುವಾಗ

"ಅಕ್ಕಾ, ರಿಕ್ರೂಟರ್ ಮೆಸೇಜ್ ಬಂದಿದೆ. ಕೆಲಸ ಚೆನ್ನಾಗಿದೆ ಅನ್ಸುತ್ತೆ. ಏನಂತ ಉತ್ತರ ಬರೀಲಿ? ಸಂಬಳ, ಮನೆ ವಿಷಯ ಎಲ್ಲ ಈಗಲೇ ಹೇಳ್ಬೇಕಾ?"

ಹತ್ತು ಹನ್ನೆರಡು ಸಣ್ಣ ಸಾಲು ಬರೆದರೆ ಸಾಕು. ಆಸಕ್ತಿ ಇದೆ ಅನ್ನುವ ಮಾತು, ನಿಮ್ಮ ಅನುಭವದಲ್ಲಿ ಈ ಕೆಲಸಕ್ಕೆ ಹೊಂದುವಷ್ಟು ಭಾಗ, ನೋಟಿಸ್ ಪಿರಿಯಡ್, ಆಮೇಲೆ ಮೂರು ಪ್ರಶ್ನೆ. ನಿಮ್ಮ ಸಂಬಳ ಹೇಳುವುದಕ್ಕೆ ಸ್ವಲ್ಪ ತಾಳ್ಮೆ ಇರಲಿ. ಮನೆ ವಿಷಯ ಈಗಲೂ ಬೇಡ, ಮುಂದೆಯೂ ಬೇಡ.

ನಾನು ಮಂಗಳೂರಿನಲ್ಲಿ ನೇಮಕಾತಿ ಕೆಲಸ ಮಾಡುವವಳು. ಕಾಸರಗೋಡಿನ ಕಡೆಯ ಹುಡುಗ ಹುಡುಗಿಯರು ಸ್ಕ್ರೀನ್‌ಶಾಟ್ ಕಳಿಸಿ ಕೇಳುತ್ತಿರುತ್ತಾರೆ. ಇತ್ತೀಚೆಗೆ ಮಂಜೇಶ್ವರದ ಹುಡುಗಿಯೊಬ್ಬಳು ಕಳಿಸಿದ್ದಳು. ಅವಳು ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬಂದ ಮೆಸೇಜ್ ಹೀಗಿತ್ತು: "ಬೆಂಗಳೂರಿನಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆ ಇದೆ. ಜಿಎಸ್‌ಟಿ ಅನುಭವ ಬೇಕು. ರೆಸ್ಯೂಮೆ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪಿರಿಯಡ್ ಕಳಿಸಿ." ಸಿಟಿಸಿ ಅಂದರೆ ಕಂಪನಿ ಒಬ್ಬರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಂಪನಿಯ ಹೆಸರಿಲ್ಲ. ಕಳಿಸಿದ್ದು ಒಂದು ಕನ್ಸಲ್ಟೆನ್ಸಿ.

ಅವಳು ಬರೆದಿಟ್ಟ ಉತ್ತರ ಫೋನಿನಲ್ಲಿ ಒಂದು ಪರದೆ ದಾಟಿತ್ತು. ಈಗಿನ ಆಫೀಸಿನಲ್ಲಿ ಸಂಬಳ ಏರಿಸಿಲ್ಲ, ಸರ್ ಸ್ವಭಾವ ಸರಿಯಿಲ್ಲ, ಅಪ್ಪನಿಗೆ ಆಪರೇಷನ್ ಆಗಿದೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಆದರೂ ಬೆಂಗಳೂರಿಗೆ ಬರುತ್ತೇನೆ, ಕೆಲಸ ತುರ್ತಾಗಿ ಬೇಕು, ಸಂಬಳ ಎಷ್ಟಾದರೂ ಆಗಬಹುದು. ಎಲ್ಲವೂ ನಿಜ. ಆದರೆ ಆ ಕಡೆ ಕೂತವರು ಇದನ್ನು ಹೇಗೆ ಓದುತ್ತಾರೆ ಅಂತ ನನಗೆ ಗೊತ್ತು. ಗಂಡು ನೋಡುತ್ತಿದ್ದಾರೆ ಅಂದರೆ "ವರ್ಷದೊಳಗೆ ಬಿಡಬಹುದು" ಅನ್ನುವ ಅನುಮಾನ ಬರುತ್ತದೆ. ಹಾಗೆ ಯೋಚಿಸುವುದು ತಪ್ಪು, ಆದರೂ ಯೋಚಿಸುವವರಿದ್ದಾರೆ. ಸರ್ ಬಗ್ಗೆ ದೂರು ಹೇಳಿದರೆ ನಾಳೆ ನಮ್ಮ ಬಗ್ಗೆಯೂ ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಸಂಬಳ ಎಷ್ಟಾದರೂ ಆಗಬಹುದು ಅಂದರೆ ಕಂಪನಿ ಇಟ್ಟುಕೊಂಡ ಮೊತ್ತದ ಕೆಳತುದಿಯಿಂದಲೇ ಮಾತು ಶುರುವಾಗುತ್ತದೆ.

ಆಶ್ಚರ್ಯ ಅಂದರೆ, ಇಷ್ಟೆಲ್ಲ ಬರೆದವಳು ತಾನು ಮಾಡುವ ಕೆಲಸವನ್ನೇ ಸರಿಯಾಗಿ ಬರೆದಿರಲಿಲ್ಲ. "ಜಿಎಸ್‌ಟಿ ಗೊತ್ತು" ಅಂತ ಎರಡೇ ಪದ. ಇಬ್ಬರೂ ಕೂತು ತಿದ್ದಿದ ಮೇಲೆ ಹೀಗಾಯಿತು:

"ನಮಸ್ಕಾರ, ಸಂಪರ್ಕಿಸಿದ್ದಕ್ಕೆ ಧನ್ಯವಾದ. ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ. ಮೂರು ವರ್ಷದಿಂದ ಮಂಗಳೂರಿನ ಆಡಿಟ್ ಆಫೀಸಿನಲ್ಲಿ ಕರ್ನಾಟಕ ಮತ್ತು ಕೇರಳದ ಕ್ಲೈಂಟ್‌ಗಳ ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ ಫೈಲ್ ಮಾಡುತ್ತಿದ್ದೇನೆ. ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುವುದೂ ನನ್ನ ಕೆಲಸ. ಬೆಂಗಳೂರಿಗೆ ಬರಲು ಸಿದ್ಧಳಿದ್ದೇನೆ. ನೋಟಿಸ್ ಪಿರಿಯಡ್ 60 ದಿನ. ಮುಂದುವರಿಯುವ ಮೊದಲು ಮೂರು ವಿಷಯ ತಿಳಿಸುತ್ತೀರಾ? ಹುದ್ದೆ ಯಾವ ಕಂಪನಿಯದು, ನಾನು ಅವರ ಪೇರೋಲ್‌ನಲ್ಲೇ ಇರುತ್ತೇನಾ? ದಿನದ ಕೆಲಸದಲ್ಲಿ ರಿಟರ್ನ್ ಎಷ್ಟು, ಬಿಲ್ಲಿಂಗ್ ಎಷ್ಟು? ಈ ಹುದ್ದೆಗೆ ಇಟ್ಟಿರುವ ಸಂಬಳದ ಮಿತಿ ಎಷ್ಟು? ವಿವರ ನೋಡಿ ರೆಸ್ಯೂಮೆ ಮತ್ತು ನನ್ನ ನಿರೀಕ್ಷೆ ಕಳಿಸುತ್ತೇನೆ."

ಬೆಂಗಳೂರಿಗೆ ಬರುವ ಸಾಲನ್ನು ಬೇಕೆಂದೇ ಇಟ್ಟೆ. ಪ್ರೊಫೈಲ್‌ನಲ್ಲಿ "ಕಾಸರಗೋಡು, ಕೇರಳ" ಅಂತ ಕಂಡಾಗ ಬೆಂಗಳೂರಿನ ರಿಕ್ರೂಟರ್‌ಗೆ ನಮ್ಮ ಊರು ದೂರದ್ದಾಗಿ ಕಾಣುತ್ತದೆ. ಕನ್ನಡ ಬರುತ್ತದಾ ಅಂತಲೂ ಅನುಮಾನ ಪಡುತ್ತಾರೆ. ಮಂಗಳೂರಿನ ಹುದ್ದೆಯಾದರೆ "ಮನೆಯಿಂದಲೇ ಓಡಾಡುತ್ತೇನೆ" ಅಂತ ಬರೆಯಿರಿ. ಎರಡೂ ರಾಜ್ಯಗಳ ಜೊತೆ ವ್ಯವಹಾರ ಇರುವ ಕಂಪನಿಗೆ ಕನ್ನಡ, ಮಲಯಾಳಂ ಎರಡನ್ನೂ ಓದಿ ಬರೆಯಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಅದನ್ನೂ ಹೇಳಿ. ಕೆಲಸಕ್ಕೆ ಸಂಬಂಧಪಟ್ಟ ಸ್ವಂತ ವಿಷಯ ಹೇಳಿದರೆ ಅದು ಜಾಸ್ತಿ ಮಾತಾಗುವುದಿಲ್ಲ.

ಕಂಪನಿಯ ಹೆಸರು ಕೇಳುವುದರಲ್ಲಿ ಸಂಕೋಚ ಬೇಡ. ಹೆಸರು ಹೇಳಿದರೆ ಅಭ್ಯರ್ಥಿ ನೇರವಾಗಿ ಅರ್ಜಿ ಹಾಕಿಬಿಡುತ್ತಾರೆ ಅನ್ನುವ ಭಯ ಕನ್ಸಲ್ಟೆನ್ಸಿಗಿದೆ, ಹಾಗಾಗಿ ಮೊದಲ ಮೆಸೇಜಿನಲ್ಲಿ ಮುಚ್ಚಿಡುತ್ತಾರೆ. ಅದು ಸಹಜ. ಆದರೆ ರೆಸ್ಯೂಮೆ ಕಂಪನಿಗೆ ಹೋಗುವ ಮೊದಲು ನಿಮಗೆ ಹೆಸರು ಗೊತ್ತಿರಲೇಬೇಕು. ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಗಳು ನಿಮ್ಮ ರೆಸ್ಯೂಮೆ ಕಳಿಸಿದರೆ ಕಮಿಷನ್ ಯಾರಿಗೆ ಅನ್ನುವ ತಕರಾರು ಏಳುತ್ತದೆ. ಆ ಗೊಡವೆಯೇ ಬೇಡ ಅಂತ ಕಂಪನಿಗಳು ಅಭ್ಯರ್ಥಿಯನ್ನೇ ಕೈಬಿಡುವುದುಂಟು. ಪೇರೋಲ್ ಯಾರದ್ದು ಅನ್ನುವುದೂ ಮುಖ್ಯ. ಆಫೀಸು ದೊಡ್ಡ ಕಂಪನಿಯದ್ದಾದರೂ ಸಂಬಳ ಬೇರೆ ಏಜೆನ್ಸಿಯಿಂದ ಬರುವ ಕಾಂಟ್ರಾಕ್ಟ್ ಕೆಲಸ ಅಂತ ಕೊನೆಯ ಸುತ್ತಿನಲ್ಲಿ ಗೊತ್ತಾದರೆ ಅಷ್ಟು ದಿನ ಸುಮ್ನೆ ಹಾಳು.

ಮೂರಕ್ಕಿಂತ ಜಾಸ್ತಿ ಪ್ರಶ್ನೆ ಬೇಡ ಅನ್ನುವುದಕ್ಕೆ ಕಾರಣ ಇದೆ. ರಿಕ್ರೂಟರ್ ದಿನಕ್ಕೆ ಎಷ್ಟೋ ಜನರ ಉತ್ತರವನ್ನು ಫೋನಿನಲ್ಲೇ ಓದುತ್ತಾರೆ. ರಜೆ, ಪ್ರಮೋಷನ್, ಇನ್ಶೂರೆನ್ಸ್ ಅಂತ ಹತ್ತು ಕೇಳಿದರೆ "ಆಮೇಲೆ ನೋಡೋಣ" ಅಂತ ಬದಿಗಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಆಧಾರ್, ಹಳೇ ಸ್ಯಾಲರಿ ಸ್ಲಿಪ್ ಈ ಹಂತದಲ್ಲಿ ಯಾರಿಗೂ ಕಳಿಸಬೇಡಿ. ಒಂದೇ ಅಭ್ಯರ್ಥಿ ಎರಡು ಸಲ ಬರದಿರಲಿ ಅಂತ ಕೆಲವರು ಪ್ಯಾನ್ ನಂಬರ್ ಕೇಳುತ್ತಾರೆ. "ಕಂಪನಿ ಆಯ್ಕೆ ಮಾಡಿದ ಮೇಲೆ ಕೊಡುತ್ತೇನೆ" ಅಂದರೆ ಸಾಕು. ರಿಜಿಸ್ಟ್ರೇಷನ್, ಟ್ರೈನಿಂಗ್ ಅಂತ ದುಡ್ಡು ಕೇಳಿದರೆ ಉತ್ತರವನ್ನೇ ಕೊಡಬೇಡಿ. ನೇಮಕಾತಿಗೆ ದುಡ್ಡು ಕೊಡಬೇಕಾದ್ದು ಕಂಪನಿ.

ಇನ್ನು ಸಂಬಳ. ಈಗಿನ ಸಿಟಿಸಿಯನ್ನು ಮೊದಲೇ ಹೇಳಿದರೆ ಲೆಕ್ಕವೆಲ್ಲ ಅದರ ಮೇಲೆ ಶೇಕಡಾ ಇಷ್ಟು ಅಂತ ಓಡುತ್ತದೆ. ಹುದ್ದೆಗೆ ಏನು ಬೆಲೆ ಅನ್ನುವುದು ಹಿಂದೆ ಸರಿಯುತ್ತದೆ. ಅದಕ್ಕೇ ಮಿತಿಯನ್ನು ನಾವು ಮೊದಲು ಕೇಳುವುದು. ಅವರು ಎರಡನೇ ಸಲ ಕೇಳಿದರೆ ಹೇಳಿ, ನಿಜವಾದ ಅಂಕೆಯನ್ನೇ ಹೇಳಿ. ಏರಿಸಿ ಹೇಳಿದ್ದು ಸ್ಯಾಲರಿ ಸ್ಲಿಪ್ ಕೇಳಿದ ದಿನ ಬಯಲಾಗುತ್ತದೆ.

ಆ ಹುಡುಗಿಗೆ ಮರುದಿನ ಉತ್ತರ ಬಂತು. ಕಂಪನಿಯ ಹೆಸರು ಹೇಳಿದರು, ಕಂಪನಿಯ ಪೇರೋಲ್ ಅಂದರು, ಸಂಬಳ "6 ಲಕ್ಷದವರೆಗೆ" ಅಂದರು. ತಿಂಗಳಿಗೆ 50 ಸಾವಿರ ಅಂತ ಅವಳಿಗೆ ಖುಷಿ. ಆದರೆ ಆ 6 ಲಕ್ಷ ಸಿಟಿಸಿ, ಪೂರ್ತಿ ಕೈಗೆ ಬರುವುದಿಲ್ಲ. ಅದರಲ್ಲಿ ಕೆಲಸ ನೋಡಿ ಕೊಡುವ ವೇರಿಯಬಲ್ 72 ಸಾವಿರ, ಕಂಪನಿ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿ ಸೇರಿ 36 ಸಾವಿರ ಅಂತ ಇಟ್ಟುಕೊಳ್ಳಿ. ಉಳಿಯುವುದು 4 ಲಕ್ಷ 92 ಸಾವಿರ, ಅಂದರೆ ತಿಂಗಳಿಗೆ 41 ಸಾವಿರ. ಅದರಿಂದಲೂ ನಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಡಿತವಾಗುತ್ತದೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಹಾಗಾಗಿ ಅವಳ ಎರಡನೇ ಮೆಸೇಜ್ ಎರಡೇ ಸಾಲು: "ಧನ್ಯವಾದ, ರೆಸ್ಯೂಮೆ ಲಗತ್ತಿಸಿದ್ದೇನೆ, ಈ ಕಂಪನಿಗೆ ಮಾತ್ರ ಕಳಿಸಿ. 6 ಲಕ್ಷದಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಅಂತ ತಿಳಿಸಿದರೆ ನನ್ನ ನಿರೀಕ್ಷೆ ಹೇಳುತ್ತೇನೆ."